ಕೊಳ್ಳುವವರು ಲೆಕ್ಕ ಹಾಕಿ ನೋಡಿದರೂ ನಿಲ್ಲುವ ಕೇಸ್ ಸ್ಟಡಿ

"ನಮ್ಮ ಗ್ರಾಹಕರ ಕರೆಂಟ್ ಬಳಕೆ 31% ಇಳಿಯಿತು." ಕಾರ್ಖಾನೆಗಳಿಗೆ ಮಾಲು ಮಾರುವ ಕಂಪನಿಗಳ ಕೇಸ್ ಸ್ಟಡಿಗಳಲ್ಲಿ ಇಂಥ ಸಾಲು ದಪ್ಪಕ್ಷರದಲ್ಲಿ ಮೇಲೆಯೇ ಇರುತ್ತದೆ. ಕೆಳಗೆ ನಗುವ ಮುಖದ ಒಂದು ಫೋಟೋ, ಎಂ.ಡಿ. ಹೇಳಿದ ಎರಡು ಒಳ್ಳೆಯ ಮಾತು, ಕೊನೆಗೆ ಫೋನ್ ನಂಬರ್. ಇದನ್ನು ಬರೆದವರಿಗೆ ಆ 31% ನಿಜ ಅಂತಲೇ ಅನ್ನಿಸಿರುತ್ತದೆ. ಓದುವ ಮೇಂಟೆನೆನ್ಸ್ ಮ್ಯಾನೇಜರ್ ಮಾತ್ರ ಆ ಸಾಲಿನಲ್ಲೇ ನಿಂತುಬಿಡುತ್ತಾರೆ. ಅವರಿಗೆ ತಮ್ಮ ಕಾರ್ಖಾನೆಯ ಲೆಕ್ಕ ಬಾಯಿಪಾಠ. ಅರ್ಧ ನಿಮಿಷದಲ್ಲಿ "ಇದು ಆಗೋ ಮಾತಲ್ಲ" ಅನ್ನುತ್ತಾರೆ. ಆಮೇಲೆ ನೀವು ಏನು ಬರೆದಿದ್ದರೂ ಅವರು ಓದುವುದಿಲ್ಲ.

ಈ ಲೇಖನದಲ್ಲಿ ಅಂಥ ಒಂದೇ ಒಂದು ಸಂಖ್ಯೆಯನ್ನು ಹಿಡಿದು, ಅದು ಎಲ್ಲಿ ಸುಳ್ಳಾಗುತ್ತದೆ, ಅದನ್ನು ನಂಬುವ ಹಾಗೆ ಮಾಡುವುದು ಹೇಗೆ ಅಂತ ಕೊನೆಯವರೆಗೂ ನೋಡೋಣ. ವ್ಯಾಪಾರಕ್ಕಾಗಿ ಕೊಳ್ಳುವವರು ಕೇಸ್ ಸ್ಟಡಿಯನ್ನು ನಂಬುವುದು ಅದರ ಭಾಷೆ ನೋಡಿ ಅಲ್ಲ, ಅದರೊಳಗಿನ ಲೆಕ್ಕವನ್ನು ತಾವೇ ಮತ್ತೊಮ್ಮೆ ಹಾಕಿ ನೋಡಲು ಸಾಧ್ಯವಾದಾಗ. ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದರ ನಂತರದ ಮಾತು.

ಉದಾಹರಣೆಗೆ ಬೆಂಗಳೂರಿನ ಪೀಣ್ಯದಲ್ಲಿ ಇರಬಹುದಾದ ಒಂದು ಮಷಿನ್ ಶಾಪ್ ಇಟ್ಟುಕೊಳ್ಳೋಣ. ಅಂಕಿಗಳನ್ನು ವಿವರಣೆಗಾಗಿ ನಾನೇ ಹಾಕಿದ್ದೇನೆ, ಆದರೆ ಅವು ಅಂಥ ಕಡೆ ಕಾಣಸಿಗುವ ಅಳತೆಯಲ್ಲೇ ಇವೆ. ವಾಹನಗಳ ಬಿಡಿಭಾಗ ಮಾಡುವ ಸಿಎನ್‌ಸಿ ಮಷಿನ್‌ಗಳು, ದಿನಕ್ಕೆ ಎರಡು ಶಿಫ್ಟ್, ತಿಂಗಳಿಗೆ 26 ದಿನ ಕೆಲಸ. ಮಷಿನ್‌ಗಳಿಗೆ ಬೇಕಾದ ಒತ್ತಡದ ಗಾಳಿಗಾಗಿ 37 ಕಿಲೋವ್ಯಾಟ್‌ನ ಎರಡು ಸ್ಕ್ರೂ ಕಂಪ್ರೆಸರ್‌ಗಳು. ಮಾರುವ ಕಂಪನಿ ಅಲ್ಲಿ ಮೂರು ಕೆಲಸ ಮಾಡಿತು: ಪೈಪ್‌ಲೈನಿನ ಲೀಕೇಜ್ ಹುಡುಕಿ ಸರಿಮಾಡಿತು, ಗಾಳಿಯ ಪ್ರೆಶರ್ ಇಳಿಸಿತು, ಒಂದು ಹಳೆಯ ಕಂಪ್ರೆಸರ್ ತೆಗೆದು ವಿಎಫ್‌ಡಿ ಇರುವ ಹೊಸದನ್ನು ಕೂರಿಸಿತು. ವಿಎಫ್‌ಡಿ ಅಂದರೆ ಬೇಕಾದಷ್ಟೇ ಗಾಳಿಗೆ ತಕ್ಕಂತೆ ಮೋಟಾರಿನ ವೇಗವನ್ನು ಏರಿಸಿ ಇಳಿಸುವ ಡ್ರೈವ್.

ಮಾರ್ಕೆಟಿಂಗ್‌ನವರ ಕೈಗೆ ಸಿಕ್ಕಿದ್ದು ಎರಡು ಕರೆಂಟ್ ಬಿಲ್. ಮಾರ್ಚ್‌ನಲ್ಲಿ 1,60,000 ಯೂನಿಟ್. ಕೆಲಸ ಮುಗಿದ ಮೇಲೆ ಜುಲೈನಲ್ಲಿ 1,10,400 ಯೂನಿಟ್. ಕಳೆದು ನೋಡಿದರೆ 31%. ಕೇಸ್ ಸ್ಟಡಿಯ ಶೀರ್ಷಿಕೆ ಸಿದ್ಧ.

ಓದುವವರು ಮಾಡುವ ಮೊದಲ ಲೆಕ್ಕ

ಈಗ ಇದನ್ನು ಇನ್ನೊಂದು ಕಾರ್ಖಾನೆಯ ಮೇಂಟೆನೆನ್ಸ್ ಮ್ಯಾನೇಜರ್ ಓದುತ್ತಾರೆ ಅಂದುಕೊಳ್ಳಿ. ಅವರ ತಲೆಯಲ್ಲಿ ಓಡುವ ಲೆಕ್ಕ ಹೀಗಿರುತ್ತದೆ. ಎರಡು ಕಂಪ್ರೆಸರ್ ಸೇರಿ 74 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, 26 ದಿನ ಅಂದರೆ 416 ಗಂಟೆ. ಎರಡೂ ಒಂದು ನಿಮಿಷ ಬಿಡದೆ ಪೂರ್ತಿ ಲೋಡಿನಲ್ಲಿ ಓಡಿದರೂ ಸುಮಾರು 31,000 ಯೂನಿಟ್ ಆಯಿತು. ಮೋಟಾರಿನ ನಷ್ಟ, ಫ್ಯಾನ್ ಎಲ್ಲ ಸೇರಿಸಿದರೆ ಇನ್ನೊಂದು ಸ್ವಲ್ಪ. ಒಟ್ಟು ಬಳಕೆ 1,60,000. ಅಂದರೆ ಕಂಪ್ರೆಸರ್‌ಗಳ ಪಾಲು ಹೆಚ್ಚೆಂದರೆ ಸುಮಾರು ಐದರಲ್ಲಿ ಒಂದು ಭಾಗ.

ಕಂಪ್ರೆಸರ್‌ಗಳನ್ನು ಪೂರ್ತಿ ಆಫ್ ಮಾಡಿ ಬೀಗ ಹಾಕಿದರೂ ಬಳಕೆ 20%ರ ಆಸುಪಾಸಿನಲ್ಲಿ ಮಾತ್ರ ಇಳಿಯುತ್ತದೆ. ಹಾಗಿರುವಾಗ 31% ಎಲ್ಲಿಂದ ಬಂತು?

ಉತ್ತರ ಕಷ್ಟದ್ದೇನಲ್ಲ. ಮಾರ್ಚ್ ಅಂದರೆ ಆರ್ಥಿಕ ವರ್ಷದ ಕೊನೆ. ಡಿಸ್ಪ್ಯಾಚ್ ಒತ್ತಡ ಜಾಸ್ತಿ. ಆ ತಿಂಗಳು 3,20,000 ಪೀಸ್ ತಯಾರಾಗಿತ್ತು. ಜುಲೈನಲ್ಲಿ ಆರ್ಡರ್ ಕಡಿಮೆ, ತಯಾರಾದದ್ದು 2,30,000. ಉತ್ಪಾದನೆಯೇ 28% ಕುಸಿದಿದೆ. ಕರೆಂಟ್ ಇಳಿದದ್ದರಲ್ಲಿ ದೊಡ್ಡ ಪಾಲು ಇದರದ್ದು. ಜೊತೆಗೆ ಮಾರ್ಚ್ ಸೆಕೆಯಲ್ಲಿ ಆಫೀಸಿನ ಮತ್ತು ಅಳತೆ ಕೋಣೆಯ ಏಸಿ ಓಡಿರುತ್ತದೆ. ಜುಲೈ ಮಳೆಯಲ್ಲಿ ಅದು ಅಷ್ಟು ಓಡುವುದಿಲ್ಲ.

ಇಲ್ಲಿ ಯಾರೂ ಬೇಕಂತ ಸುಳ್ಳು ಹೇಳಿಲ್ಲ. ಎರಡು ಬಿಲ್‌ಗಳೂ ನಿಜ, ಕಳೆದದ್ದೂ ಸರಿ. ತಪ್ಪಾದದ್ದು ಆ ಇಳಿಕೆಗೆ ಕಾರಣ ಯಾವುದು ಅಂತ ಹೇಳಿದ್ದರಲ್ಲಿ. ನಾನು ನೋಡಿದ ಮಟ್ಟಿಗೆ ಕೇಸ್ ಸ್ಟಡಿಗಳು ನಂಬಿಕೆ ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಬಿಲ್ಲನ್ನು ರೂಪಾಯಿಯಲ್ಲಿ ಹೋಲಿಸಿದರೆ ಗೊಂದಲ ಇನ್ನೂ ಜಾಸ್ತಿ. ದರ ಪರಿಷ್ಕರಣೆ ಆಗಿರಬಹುದು. ಡಿಮ್ಯಾಂಡ್ ಚಾರ್ಜ್ ಯೂನಿಟ್ ಇಳಿದಷ್ಟೇ ಇಳಿಯುವುದಿಲ್ಲ. ಚಾವಣಿಯ ಮೇಲೆ ಸೋಲಾರ್ ಹಾಕಿಸಿದ್ದರೆ ಅದರ ಲಾಭವೂ ನಿಮ್ಮ ಲೆಕ್ಕಕ್ಕೆ ಬಂದು ಸೇರಿಕೊಳ್ಳುತ್ತದೆ.

ಇದನ್ನು ಅಳೆಯುವವರಲ್ಲಿ ಇದಕ್ಕೊಂದು ಒಪ್ಪಿತ ಪದ್ಧತಿ ಇದೆ. ಶಕ್ತಿ ಉಳಿತಾಯವನ್ನು ಅಳೆದು ಖಚಿತಪಡಿಸಲು ಐಪಿಎಂವಿಪಿ ಎಂಬ ಅಂತರರಾಷ್ಟ್ರೀಯ ಕ್ರಮ ಬಳಕೆಯಲ್ಲಿದೆ. ಅದರ ಒಂದು ದಾರಿ, ಇಡೀ ಕಟ್ಟಡದ ಮೀಟರ್ ನೋಡುವುದು. ಇನ್ನೊಂದು, ಬದಲಾವಣೆ ಮಾಡಿದ ಯಂತ್ರಕ್ಕೆ ಮಾತ್ರ ಬೇರೆ ಮೀಟರ್ ಹಾಕಿ ನೋಡುವುದು. ಉಳಿತಾಯ ಒಟ್ಟು ಬಳಕೆಯ 10%ಕ್ಕಿಂತ ಕಡಿಮೆ ಇದ್ದರೆ ಮೊದಲ ದಾರಿ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ತಿಂಗಳಿಂದ ತಿಂಗಳಿಗೆ ಆಗುವ ಏರಿಳಿತದಲ್ಲೇ ಅದು ಮುಳುಗಿಹೋಗುತ್ತದೆ. ಕಂಪ್ರೆಸರ್ ಉಳಿತಾಯವನ್ನು ಇಡೀ ಕಾರ್ಖಾನೆಯ ಬಿಲ್‌ನಲ್ಲಿ ಹುಡುಕುವುದು, ಮಗುವಿನ ತೂಕವನ್ನು ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ನೋಡಿದ ಹಾಗೆ.

ಸರಿಯಾದ ಸಂಖ್ಯೆ ಹುಟ್ಟುವುದು ಕೆಲಸ ಶುರುವಾಗುವ ಮೊದಲು

ಕೇಸ್ ಸ್ಟಡಿ ಬರೆಯುವವರಿಗೆ ಸಾಮಾನ್ಯವಾಗಿ ಕರೆ ಬರುವುದು ಎಲ್ಲ ಮುಗಿದ ಮೇಲೆ. "ಗ್ರಾಹಕರು ಖುಷಿಯಾಗಿದ್ದಾರೆ, ಹೋಗಿ ಮಾತಾಡಿಸಿಕೊಂಡು ಬನ್ನಿ." ಅಷ್ಟೊತ್ತಿಗೆ ಹಳೆಯ ಕಂಪ್ರೆಸರ್ ಗುಜರಿಗೆ ಹೋಗಿರುತ್ತದೆ. ಅದು ಎಷ್ಟು ಕರೆಂಟ್ ಎಳೆಯುತ್ತಿತ್ತು ಅಂತ ಹೇಳುವ ದಾಖಲೆ ಎಲ್ಲೂ ಇರುವುದಿಲ್ಲ. ಆಗ ಉಳಿಯುವುದು ಬಿಲ್ ಮಾತ್ರ, ಮತ್ತೆ ಅದೇ 31%.

ಹಾಗಾಗಿ ಮೊದಲ ಕೆಲಸ ಬರವಣಿಗೆಯದ್ದಲ್ಲ. ಆರ್ಡರ್ ಸಿಕ್ಕ ದಿನವೇ ಸರ್ವಿಸ್ ಇಂಜಿನಿಯರ್ ಹತ್ತಿರ ಹೋಗಿ ಕೇಳಬೇಕು: "ಸಾರ್, ಹಳೆಯ ಯಂತ್ರ ಬಿಚ್ಚುವ ಮೊದಲು ಎರಡು ವಾರ ಸಬ್ ಮೀಟರ್ ಹಾಕಿ ರೀಡಿಂಗ್ ತೆಗೆದಿಡುತ್ತೀರಾ?" ಅವರಿಗೆ ಇದು ದೊಡ್ಡ ಕೆಲಸವಲ್ಲ. ಆಮೇಲೆ ಎಷ್ಟು ದುಡ್ಡು ಸುರಿದರೂ ಆ ಎರಡು ವಾರದ ರೀಡಿಂಗ್ ಮತ್ತೆ ಸಿಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಆ ರೀಡಿಂಗ್ ಇದೆ ಅಂದುಕೊಳ್ಳೋಣ. ಕೆಲಸಕ್ಕೆ ಮೊದಲು ಎರಡು ಕಂಪ್ರೆಸರ್ ಸೇರಿ, 26 ದಿನದ ತಿಂಗಳಿಗೆ, 26,000 ಯೂನಿಟ್. ಆಮೇಲೆ ಒಂದೊಂದೇ ಕೆಲಸ ಮಾಡಿ, ಪ್ರತಿ ಹಂತದ ನಂತರ ಎರಡು ವಾರ ಅಳೆದರು. ಅಳೆದ ವಾರಗಳಲ್ಲಿ ಉತ್ಪಾದನೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು ಅನ್ನುವುದನ್ನೂ ಬರೆದಿಟ್ಟುಕೊಂಡರು. ಈ ಒಂದು ಸಾಲು ಇಲ್ಲದಿದ್ದರೆ ಮುಂದಿನ ಅಂಕಿಗಳಿಗೆ ಬೆಲೆಯಿಲ್ಲ.

ಲೀಕೇಜ್ ಸರಿಮಾಡಿದ ಮೇಲೆ ತಿಂಗಳಿಗೆ 23,600 ಯೂನಿಟ್. ಪ್ರೆಶರನ್ನು 7.5 ಬಾರ್‌ನಿಂದ 6.5ಕ್ಕೆ ಇಳಿಸಿದ ಮೇಲೆ 22,200. ವಿಎಫ್‌ಡಿ ಕಂಪ್ರೆಸರ್ ಬಂದ ಮೇಲೆ 19,000. ಒಟ್ಟು ಉಳಿತಾಯ 7,000 ಯೂನಿಟ್. ಗಾಳಿಗೆ ಖರ್ಚಾಗುತ್ತಿದ್ದ ಕರೆಂಟಿನಲ್ಲಿ ಇದು 27%. ಮಾರ್ಚ್ ತಿಂಗಳ ಒಟ್ಟು ಬಳಕೆಗೆ ಹೋಲಿಸಿದರೆ 4.4% ಮಾತ್ರ.

ಇಲ್ಲಿ ಮಾರ್ಕೆಟಿಂಗ್‌ನವರ ಮುಖ ಸಣ್ಣದಾಗುತ್ತದೆ. 31 ಇದ್ದದ್ದು 4.4 ಆಯಿತಲ್ಲ! ಆಗ "27%" ಅಂತ ದೊಡ್ಡದಾಗಿ ಹಾಕಿ, ಯಾವುದರ 27% ಅನ್ನುವುದನ್ನು ಸಣ್ಣಕ್ಷರದಲ್ಲಿ ತಳ್ಳಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನ್ನೂ ಒಟ್ಟಿಗೇ ಹೇಳಿ: "ಗಾಳಿಗೆ ಹೋಗುತ್ತಿದ್ದ ಕರೆಂಟ್ ತಿಂಗಳಿಗೆ 26,000 ಯೂನಿಟ್‌ನಿಂದ 19,000ಕ್ಕೆ ಇಳಿಯಿತು. ಈ ಉಳಿತಾಯ ಇಡೀ ಕಾರ್ಖಾನೆಯ ಬಳಕೆಯಲ್ಲಿ ಸುಮಾರು 4%." ಇದನ್ನು ಓದಿದ ಮೇಂಟೆನೆನ್ಸ್ ಮ್ಯಾನೇಜರ್ ಮತ್ತೆ ಲೆಕ್ಕ ಹಾಕುತ್ತಾರೆ. ಈ ಸಲ ಅದು ಕೂಡಿಬರುತ್ತದೆ. ಆಗ ಅವರು ಮುಂದಿನ ಪ್ಯಾರಾಕ್ಕೆ ಹೋಗುತ್ತಾರೆ.

ಲೀಕೇಜ್ ಎಷ್ಟಿತ್ತು ಅಂತ ಹೇಗೆ ಗೊತ್ತಾಯಿತು ಅನ್ನುವುದನ್ನೂ ಬಿಡಿಸಿ ಬರೆಯುವುದು ಒಳ್ಳೆಯದು. ವಾರದ ರಜೆಯ ದಿನ ಎಲ್ಲ ಮಷಿನ್ ನಿಲ್ಲಿಸಿ, ಒಂದು ಕಂಪ್ರೆಸರ್ ಮಾತ್ರ ಓಡಿಸುತ್ತಾರೆ. ಗಾಳಿ ಯಾರೂ ಬಳಸದಿದ್ದರೂ ಪ್ರೆಶರ್ ಇಳಿಯುತ್ತಾ ಹೋಗುತ್ತದೆ, ಕಂಪ್ರೆಸರ್ ಮತ್ತೆ ಲೋಡ್ ತೆಗೆದುಕೊಳ್ಳುತ್ತದೆ. ಅದು ಎಷ್ಟು ಹೊತ್ತು ಗಾಳಿ ತುಂಬುತ್ತಾ ಲೋಡಿನಲ್ಲಿತ್ತು, ಎಷ್ಟು ಹೊತ್ತು ಗಾಳಿ ಕೊಡದೆ ಸುಮ್ನೆ ಓಡುತ್ತಾ ಅನ್‌ಲೋಡಿನಲ್ಲಿತ್ತು ಅಂತ ವಾಚ್ ಹಿಡಿದು ಬರೆದುಕೊಳ್ಳುತ್ತಾರೆ. ಇಲ್ಲಿ 90 ಸೆಕೆಂಡ್ ಲೋಡ್, 210 ಸೆಕೆಂಡ್ ಅನ್‌ಲೋಡ್. 300ರಲ್ಲಿ 90 ಅಂದರೆ 30%. ಆ ಕಂಪ್ರೆಸರ್ ತಯಾರಿಸಬಲ್ಲ ಗಾಳಿಯಲ್ಲಿ ಇಷ್ಟು ಸುಮ್ನೆ ಸೋರಿಹೋಗುತ್ತಿತ್ತು. ರಿಪೇರಿ ಆದ ಮೇಲೆ 35 ಸೆಕೆಂಡ್ ಲೋಡ್, 255 ಸೆಕೆಂಡ್ ಅನ್‌ಲೋಡ್, ಅಂದರೆ 12%.

ಈ ಪ್ಯಾರಾ ಮಾಡುವ ಕೆಲಸ ದೊಡ್ಡದು. ಓದುವವರು ಇದೇ ಪರೀಕ್ಷೆಯನ್ನು ಮುಂದಿನ ರಜೆಯ ದಿನ ತಮ್ಮ ಕಾರ್ಖಾನೆಯಲ್ಲಿ ತಾವೇ ಮಾಡಬಹುದು. ಒಂದು ವಾಚ್ ಸಾಕು. ತಮ್ಮಲ್ಲಿ 10% ಬಂದರೆ ಇದು ತಮಗೆ ಬೇಡ ಅಂತ ಅವರಿಗೇ ತಿಳಿಯುತ್ತದೆ. 35% ಬಂದರೆ ನಿಮಗೆ ಫೋನ್ ಮಾಡುತ್ತಾರೆ, ಕೈಯಲ್ಲಿ ಅಂಕಿ ಹಿಡಿದುಕೊಂಡೇ ಮಾಡುತ್ತಾರೆ.

ದುಡ್ಡಿನ ಲೆಕ್ಕ ಬಿಡಿಸಿ ತೋರಿಸುವುದು

ಮೇಂಟೆನೆನ್ಸ್‌ನವರು ಒಪ್ಪಿದರೆ ಕೆಲಸ ಅರ್ಧ ಮುಗಿಯಿತು. ಅವರು ನಿಮ್ಮ ಹಾಳೆ ಹಿಡಿದು ಅಕೌಂಟ್ಸ್‌ನವರ ಹತ್ತಿರ, ಮಾಲೀಕರ ಹತ್ತಿರ ಹೋಗಬೇಕು. ಅಲ್ಲಿ ನೀವಿರುವುದಿಲ್ಲ. ನಿಮ್ಮ ಪರವಾಗಿ ಅವರೇ ಉತ್ತರ ಕೊಡಬೇಕು. ಕೇಸ್ ಸ್ಟಡಿ ಬರೆಯುವಾಗ ಆ ಕೋಣೆ ನೆನಪಿನಲ್ಲಿರಲಿ. ಅಲ್ಲಿ ಬರುವ ಪ್ರಶ್ನೆ ಎರಡೇ: ಎಷ್ಟು ಖರ್ಚು, ಯಾವಾಗ ವಾಪಸ್.

ಖರ್ಚನ್ನು ಹೇಳದ ಕೇಸ್ ಸ್ಟಡಿಗಳೇ ಹೆಚ್ಚು. ಬೆಲೆ ಹೇಳಿದರೆ ಚೌಕಾಸಿ ಶುರುವಾಗುತ್ತದೆ ಅನ್ನುವ ಭಯ ಸೇಲ್ಸ್‌ನವರಿಗೆ. ಆ ಭಯ ಸುಳ್ಳಲ್ಲ. ಆದರೆ ಉಳಿತಾಯ ಹೇಳಿ ಖರ್ಚು ಬಿಟ್ಟರೆ ಓದುವವರು ಅತಿ ದೊಡ್ಡ ಮೊತ್ತವನ್ನೇ ಊಹಿಸಿಕೊಳ್ಳುತ್ತಾರೆ. ನಿಖರ ಬೆಲೆ ಬೇಡವೆಂದರೆ "12ರಿಂದ 13 ಲಕ್ಷದ ನಡುವೆ" ಅನ್ನಬಹುದು.

ಉದಾಹರಣೆಯಲ್ಲಿ ಒಟ್ಟು ಖರ್ಚು 12.5 ಲಕ್ಷ ರೂಪಾಯಿ. ಒಂದು ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 49,000 ರೂಪಾಯಿ ಉಳಿತಾಯ. ಹಾಕಿದ ದುಡ್ಡು 25, 26 ತಿಂಗಳಿಗೆ ವಾಪಸ್. ಯೂನಿಟ್ ದರವನ್ನು ಇಷ್ಟು ಅಂತ ಹಿಡಿದಿದ್ದೇವೆ ಅಂತ ಬರೆಯಲೇಬೇಕು, ಯಾಕಂದರೆ ಓದುವವರ ದರ ಬೇರೆ ಇರುತ್ತದೆ. ಅವರು 7ರ ಜಾಗದಲ್ಲಿ ತಮ್ಮ ಅಂಕಿ ಹಾಕಿ ನೋಡಿಕೊಳ್ಳುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು, ಮಾರುವವರಿಗೆ ಇದು ಕಷ್ಟದ ಹೆಜ್ಜೆ. ಆ 12.5 ಲಕ್ಷದಲ್ಲಿ ಲೀಕೇಜ್ ಮತ್ತು ಪ್ರೆಶರ್ ಕೆಲಸಕ್ಕೆ ಹೋದದ್ದು 1.5 ಲಕ್ಷ. ಅದರಿಂದ ಉಳಿದದ್ದು 3,800 ಯೂನಿಟ್, ತಿಂಗಳಿಗೆ 26,600 ರೂಪಾಯಿ. ಆರು ತಿಂಗಳೊಳಗೆ ದುಡ್ಡು ವಾಪಸ್. ಹೊಸ ಕಂಪ್ರೆಸರ್‌ಗೆ ಹೋದದ್ದು 11 ಲಕ್ಷ. ಅದರಿಂದ ಉಳಿದದ್ದು 3,200 ಯೂನಿಟ್, ತಿಂಗಳಿಗೆ 22,400 ರೂಪಾಯಿ. ಅದು ವಾಪಸ್ ಬರಲು ನಾಲ್ಕು ವರ್ಷದ ಮೇಲೆ ಬೇಕು.

ಒಟ್ಟಿಗೆ ಸೇರಿಸಿದರೆ ಎರಡು ವರ್ಷ ಅಂತ ಚೆನ್ನಾಗಿ ಕಾಣುತ್ತದೆ. ಬಿಡಿಸಿದರೆ ದೊಡ್ಡ ಯಂತ್ರದ ಲಾಭ ನಿಧಾನ ಅಂತ ಬಯಲಾಗುತ್ತದೆ. ಆದರೂ ಬಿಡಿಸಿಯೇ ಬರೆಯಿರಿ ಅನ್ನುತ್ತೇನೆ. ಕಂಪ್ರೆಸರ್ ಬಗ್ಗೆ ಗೊತ್ತಿರುವ ಯಾರಿಗೇ ಆದರೂ ಲೀಕೇಜ್ ಸರಿಮಾಡುವುದು ಅಗ್ಗ, ಯಂತ್ರ ಬದಲಿಸುವುದು ದುಬಾರಿ ಅಂತ ಗೊತ್ತು. ನೀವು ಎರಡನ್ನೂ ಕಲಸಿಟ್ಟರೆ ಅವರು ಅದನ್ನು ಮೊದಲೇ ಗಮನಿಸುತ್ತಾರೆ. ಬಿಡಿಸಿಟ್ಟು, ಈ ಗ್ರಾಹಕರು ಆದರೂ ಯಾಕೆ ಯಂತ್ರ ಬದಲಿಸಿದರು ಅಂತ ಹೇಳಿದರೆ ಆ ಕಾರಣಕ್ಕೆ ತೂಕ ಬರುತ್ತದೆ. ಇಲ್ಲಿನ ಕಾರಣ: ಹಳೆಯ ಯಂತ್ರ ದೊಡ್ಡ ಓವರ್‌ಹಾಲ್‌ಗೆ ಬಂದಿತ್ತು. ಆ ಖರ್ಚು ಹೇಗೂ ಮಾಡಲೇಬೇಕಿತ್ತು. ಜೊತೆಗೆ ಎರಡನೇ ಶಿಫ್ಟಿನಲ್ಲಿ ಅರ್ಧ ಮಷಿನ್‌ಗಳು ಮಾತ್ರ ಓಡುತ್ತಿದ್ದವು, ಹಾಗಾಗಿ ಹಳೆಯದು ಬಹಳ ಹೊತ್ತು ಅನ್‌ಲೋಡಿನಲ್ಲಿ ಸುಮ್ನೆ ಓಡುತ್ತಿತ್ತು. ಗಾಳಿ ಕೊಡದೆ ಓಡುವಾಗಲೂ ಇಂಥ ಯಂತ್ರ ಪೂರ್ತಿ ಲೋಡಿನ ಕಾಲು ಭಾಗಕ್ಕಿಂತ ಹೆಚ್ಚು ಕರೆಂಟ್ ತಿನ್ನಬಹುದು.

ಇದರ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಿ: "ನಿಮ್ಮ ಕಂಪ್ರೆಸರ್ ಇಡೀ ದಿನ ಪೂರ್ತಿ ಲೋಡಿನಲ್ಲೇ ಓಡುತ್ತಿದ್ದರೆ ವಿಎಫ್‌ಡಿಯಿಂದ ನಿಮಗೆ ಲಾಭವಿಲ್ಲ." ಇದು ತಾಂತ್ರಿಕವಾಗಿಯೂ ಸರಿ. ಡ್ರೈವ್ ತಾನೇ ಒಂದಿಷ್ಟು ಕರೆಂಟ್ ನುಂಗುತ್ತದೆ. ಈ ಸಾಲಿನಿಂದ ಕೆಲವು ಗ್ರಾಹಕರು ಕೈತಪ್ಪುತ್ತಾರೆ. ಅವರು ಹೇಗೂ ಕೊಂಡು ಬೈಯುವವರೇ ಆಗಿದ್ದರು.

ಏನು ಕೈಕೊಟ್ಟಿತು

ಯಾವ ಕಾರ್ಖಾನೆಯಲ್ಲೂ ಹೊಸ ಯಂತ್ರ ಬಂದ ದಿನವೇ ಎಲ್ಲ ಸಲೀಸಾಗಿ ನಡೆಯುವುದಿಲ್ಲ. ಕೊಳ್ಳುವವರಿಗೆ ಇದು ಅನುಭವದಿಂದ ಗೊತ್ತು. ತೊಂದರೆಯೇ ಇಲ್ಲದ ಕಥೆ ಓದಿದಾಗ ಏನೋ ಮುಚ್ಚಿಟ್ಟಿದ್ದಾರೆ ಅನ್ನಿಸುತ್ತದೆ. ಅವರಿಗೆ ಬೇಕಾದದ್ದು ತೊಂದರೆಯ ಸ್ವರೂಪ: ಉತ್ಪಾದನೆ ನಿಂತಿತಾ, ಎಷ್ಟು ಹೊತ್ತು, ಸರಿಮಾಡಿದ್ದು ಯಾರು, ದುಡ್ಡು ಯಾರ ಕೈಯಿಂದ ಹೋಯಿತು.

ನಮ್ಮ ಉದಾಹರಣೆಯಲ್ಲಿ ಪ್ರೆಶರನ್ನು 6.5 ಬಾರ್‌ಗೆ ಇಳಿಸಿದ ಮರುದಿನ ಪೈಪ್‌ಲೈನಿನ ತುದಿಯಲ್ಲಿದ್ದ ಎರಡು ಮಷಿನ್‌ಗಳು ಲೋ ಪ್ರೆಶರ್ ಅಲಾರ್ಮ್ ಕೊಟ್ಟು ನಿಂತವು. ಅಲ್ಲಿಗೆ ಹೋಗುವ ಪೈಪ್ ಅರ್ಧ ಇಂಚಿನದು, ಮಧ್ಯೆ ಬಹಳ ತಿರುವುಗಳು. ಕಂಪ್ರೆಸರ್ ಕೋಣೆಯಲ್ಲಿ 6.5 ಇದ್ದರೂ ಮಷಿನ್ ಹತ್ತಿರ ಅಷ್ಟು ಇರಲಿಲ್ಲ. ಒಂದು ಶಿಫ್ಟ್ ಮಟ್ಟಿಗೆ ಮತ್ತೆ 7.5ಕ್ಕೆ ಏರಿಸಿದರು. ಆ ವಾರದ ರಜೆಯಂದು ಆ ಸಾಲಿಗೆ ಒಂದು ಇಂಚಿನ ಪೈಪ್ ಹಾಕಿ, ಹತ್ತಿರದಲ್ಲಿ ಸಣ್ಣ ರಿಸೀವರ್ ಟ್ಯಾಂಕ್ ಇಟ್ಟರು. ಆಮೇಲೆ ಪ್ರೆಶರ್ ಇಳಿಸಿದರು. ಆ ಖರ್ಚು 1.5 ಲಕ್ಷದೊಳಗೇ ಇದೆ.

ಇಷ್ಟು ಬರೆದರೆ ಸಾಕು. "ಸಣ್ಣಪುಟ್ಟ ಸವಾಲುಗಳನ್ನು ಜಯಿಸಿ" ಅಂತ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಅರ್ಧ ಇಂಚಿನ ಪೈಪ್ ಅಂತ ಬರೆದರೆ ಓದುವವರು ಎದ್ದುಹೋಗಿ ತಮ್ಮ ಲೈನ್ ನೋಡಿ ಬರುತ್ತಾರೆ.

ಯಾರನ್ನು ಮಾತಾಡಿಸಬೇಕು, ಏನು ಕೇಳಬೇಕು

ಮೇಲಿನ ಪೈಪಿನ ಕಥೆ ಎಂ.ಡಿ. ಬಾಯಿಂದ ಬರುವುದಿಲ್ಲ. ಅವರಿಗೆ ಅದು ಗೊತ್ತೇ ಇರುವುದಿಲ್ಲ. ಅಲಾರ್ಮ್ ಹೊಡೆದಾಗ ಅಲ್ಲಿದ್ದವರು ಶಿಫ್ಟ್ ಸೂಪರ್‌ವೈಸರ್ ಮತ್ತು ಮೇಂಟೆನೆನ್ಸ್‌ನ ಫಿಟ್ಟರ್. ಅನುಮತಿಗೆ ಎಂ.ಡಿ. ಬೇಕು, ಕಥೆಗೆ ಇವರು ಬೇಕು. ಅವರನ್ನು ಕಾನ್ಫರೆನ್ಸ್ ರೂಮಿಗೆ ಕರೆಸಿ ಕೂರಿಸಿದರೆ "ಎಲ್ಲಾ ಚೆನ್ನಾಗಿದೆ ಸಾರ್" ಅಂತ ಮುಗಿಸುತ್ತಾರೆ. ಕಂಪ್ರೆಸರ್ ಕೋಣೆಯಲ್ಲಿ, ಯಂತ್ರದ ಪಕ್ಕ ನಿಂತು ಮಾತಾಡಿಸಿ. ಕೈ ತೋರಿಸಿ ಹೇಳುತ್ತಾ ಹೋಗುತ್ತಾರೆ.

"ನಮ್ಮ ಸೇವೆ ಹೇಗನ್ನಿಸಿತು?" ಅಂತ ಕೇಳಬೇಡಿ. ಅದಕ್ಕೆ ಮರ್ಯಾದೆಯ ಉತ್ತರ ಮಾತ್ರ ಬರುತ್ತದೆ. ನನಗೆ ಯಾವಾಗಲೂ ಹೆಚ್ಚು ಕೊಡುವ ಪ್ರಶ್ನೆ ಇದು: "ಇದನ್ನು ತಗೋಬೇಡಿ ಅಂತ ಒಳಗೆ ಯಾರು ಹೇಳಿದ್ರು? ಯಾಕೆ?" ಪ್ರತಿ ಕಂಪನಿಯಲ್ಲೂ ಒಬ್ಬರು ಬೇಡ ಅಂದಿರುತ್ತಾರೆ. ಆ ಆಕ್ಷೇಪಣೆಯೇ ಮುಂದಿನ ಗ್ರಾಹಕರ ಆಕ್ಷೇಪಣೆ ಕೂಡ. ಇಲ್ಲಿ ಬೇಡ ಅಂದವರು ಪ್ರೊಡಕ್ಷನ್ ಮ್ಯಾನೇಜರ್ ಅಂದುಕೊಳ್ಳಿ: "ಪ್ರೆಶರ್ ಇಳಿಸಿದ್ರೆ ಕ್ಲಾಂಪಿಂಗ್ ಲೂಸ್ ಆಗುತ್ತೆ, ರಿಜೆಕ್ಷನ್ ಬರುತ್ತೆ." ಹಾಗಾದರೆ ಕೇಸ್ ಸ್ಟಡಿ ಬರೆಯುವವರು ಆ ತಿಂಗಳುಗಳಲ್ಲಿ ಎಷ್ಟು ಪೀಸ್ ಕೆಟ್ಟು ರಿಜೆಕ್ಷನ್ ಆದವು ಅನ್ನುವ ಅಂಕಿಯನ್ನೂ ಕೇಳಿ ಪಡೆಯಬೇಕು. ರಿಜೆಕ್ಷನ್ ಏರಲಿಲ್ಲ ಅಂತ ದಾಖಲೆ ಇದ್ದರೆ, ಅದು ಕರೆಂಟ್ ಉಳಿತಾಯಕ್ಕಿಂತ ದೊಡ್ಡ ಸುದ್ದಿ.

ಜೊತೆಗೆ, ಬೇರೆ ಏನೇನು ನೋಡಿದ್ದಿರಿ, ಅದನ್ನು ಯಾಕೆ ಬಿಟ್ಟಿರಿ, ಮತ್ತೆ ಮಾಡುವುದಾದರೆ ಏನನ್ನು ಬೇರೆ ರೀತಿ ಮಾಡುತ್ತೀರಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹುಪಾಲು ಬಳಸಲು ಯೋಗ್ಯವಾಗಿರುತ್ತದೆ.

ಅವರು ಹೇಳಿದ್ದನ್ನು ತಿದ್ದಿ ನುಣುಪು ಮಾಡಬೇಡಿ. "ಈ ಪರಿಹಾರವು ನಮ್ಮ ಕಾರ್ಯಕ್ಷಮತೆಯನ್ನು ಹೊಸ ಮಟ್ಟಕ್ಕೆ ಕೊಂಡೊಯ್ದಿದೆ" ಅಂತ ಯಾವ ಫಿಟ್ಟರ್ ಹೇಳುತ್ತಾರೆ? "ಮೊದ್ಲು ಭಾನುವಾರ ಬಂದ್ರೂ ಶೆಡ್ಡಲ್ಲಿ ಉಸ್ ಅಂತ ಸದ್ದು ಕೇಳ್ತಿತ್ತು, ಈಗ ಇಲ್ಲ" ಅನ್ನುವುದು ಕಂಪ್ರೆಸರ್ ಕೋಣೆಯಲ್ಲಿ ಕೆಲಸ ಮಾಡಿದವರ ಮಾತು. ಇದಕ್ಕೊಂದು ಪರೀಕ್ಷೆ ಇದೆ. ಕೊಳ್ಳುವವರು ಆ ಕಾರ್ಖಾನೆಗೆ ಫೋನ್ ಮಾಡಿ ಅದೇ ವ್ಯಕ್ತಿಯನ್ನು ಮಾತಾಡಿಸಿದರೆ, ಅವರು ಅದೇ ಧಾಟಿಯಲ್ಲಿ ಅದನ್ನೇ ಹೇಳುತ್ತಾರಾ? ದೊಡ್ಡ ಮೊತ್ತದ ಖರೀದಿಯಲ್ಲಿ ಈ ಫೋನ್ ಹೋಗಿಯೇ ಹೋಗುತ್ತದೆ. ಪೀಣ್ಯದಂಥ ಕಡೆ ಅದಕ್ಕೆ ನಿಮ್ಮನ್ನು ಕೇಳಬೇಕಾಗಿಯೂ ಇಲ್ಲ, ಪರಿಚಯದವರ ಮೂಲಕವೇ ಆಗಿಬಿಡುತ್ತದೆ.

ಹೆಸರು ಹಾಕಬೇಡಿ ಅಂದರೆ

ಬಿಡಿಭಾಗ ಮಾಡುವವರಲ್ಲಿ ಅನೇಕರು "ಎಲ್ಲಾ ಬರೀರಿ, ಹೆಸರು ಮಾತ್ರ ಬೇಡ" ಅನ್ನುತ್ತಾರೆ. ಇದಕ್ಕೆ ಹೊರಗಿನವರಿಗೆ ಬೇಗ ಹೊಳೆಯದ ಒಂದು ಕಾರಣವಿದೆ. ಇವರಿಂದ ಮಾಲು ಕೊಳ್ಳುವ ದೊಡ್ಡ ವಾಹನ ಕಂಪನಿಗಳು ವರ್ಷ ವರ್ಷ ಬೆಲೆ ಇಳಿಸಿ ಅಂತ ಕೇಳುವುದು ಈ ವ್ಯಾಪಾರದಲ್ಲಿ ಮಾಮೂಲಿ. ತಿಂಗಳಿಗೆ 49,000 ರೂಪಾಯಿ ಉಳಿಸಿದ್ದೇವೆ ಅಂತ ಹೆಸರು ಸಮೇತ ಅಚ್ಚಾದರೆ, ಮುಂದಿನ ಮೀಟಿಂಗಿನಲ್ಲಿ ಅದೇ ಹಾಳೆ ಮೇಜಿನ ಮೇಲೆ ಬರಬಹುದು. ಅವರ ಹಿಂಜರಿಕೆ ನ್ಯಾಯವಾದದ್ದು. ಒತ್ತಾಯ ಮಾಡಬಾರದು.

ಆಗ ಆಯ್ಕೆ ಎರಡು. ಹೆಸರು ಹಾಕಿ ರೂಪಾಯಿ ಲೆಕ್ಕ ಬಿಡುವುದು, ಅಥವಾ ಹೆಸರು ಬಿಟ್ಟು ಲೆಕ್ಕ ಪೂರ್ತಿ ಕೊಡುವುದು. ನಾನು ಎರಡನೆಯದನ್ನೇ ಆರಿಸುತ್ತೇನೆ. "ಒಂದು ಪ್ರತಿಷ್ಠಿತ ಸಂಸ್ಥೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯದು. "ಬೆಂಗಳೂರಿನ ಮಷಿನ್ ಶಾಪ್, ಎರಡು ಶಿಫ್ಟ್, 37 ಕಿಲೋವ್ಯಾಟ್‌ನ ಎರಡು ಕಂಪ್ರೆಸರ್, ತಿಂಗಳಿಗೆ 1,60,000 ಯೂನಿಟ್ ಬಳಕೆ" ಅಂತ ಬರೆದರೆ ಓದುವವರು ತಮ್ಮನ್ನು ಪಕ್ಕದಲ್ಲಿಟ್ಟು ಅಳೆದುಕೊಳ್ಳಬಹುದು. ಖರೀದಿ ಮಾತುಕತೆ ಗಟ್ಟಿಯಾದಾಗ ಆ ಕಾರ್ಖಾನೆಯವರೊಡನೆ ಫೋನಿನಲ್ಲಿ ಮಾತಾಡಿಸಲು ಅವರ ಒಪ್ಪಿಗೆ ಮೊದಲೇ ಪಡೆದಿಡಿ. ಗುರುತು ಮರೆಸಲು ಅಂಕಿಗಳನ್ನು ಬದಲಾಯಿಸುವುದು ಮಾತ್ರ ಬೇಡ. ಅಂಕಿ ಬದಲಾದರೆ ಅದು ಕೇಸ್ ಸ್ಟಡಿಯಾಗಿ ಉಳಿಯುವುದಿಲ್ಲ.

ಒಪ್ಪಿಗೆ ಬರವಣಿಗೆಯಲ್ಲಿರಲಿ, ಅಂತಿಮ ಪ್ರತಿಯನ್ನು ಅವರು ಓದಿ ಸಹಿ ಮಾಡಲಿ. ಕಥೆ ಹೇಳಿದ್ದಕ್ಕೆ ಪ್ರತಿಯಾಗಿ ಡಿಸ್ಕೌಂಟ್ ಅಥವಾ ಒಂದು ವರ್ಷದ ಉಚಿತ ಸರ್ವಿಸ್ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐಯ ಸಂಹಿತೆ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಸಂಗತಿಗೆ ಕೇಳಿದಾಗ ಆಧಾರ ಕೊಡಲು ಆಗಬೇಕು. ಹಾಗಾಗಿ ಸಬ್ ಮೀಟರಿನ ರೀಡಿಂಗ್ ಹಾಳೆಗಳು, ಲೀಕೇಜ್ ಪರೀಕ್ಷೆಯ ಟಿಪ್ಪಣಿ, ಉತ್ಪಾದನೆಯ ಅಂಕಿ ಎಲ್ಲ ಒಂದು ಫೈಲಿನಲ್ಲಿ ಇರಲಿ. ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಆ ಫೈಲ್ ಸಿಗುವ ಹಾಗಿರಲಿ.

ಒಂದು ವರ್ಷದ ನಂತರ

ಕೇಸ್ ಸ್ಟಡಿಯ ಮೇಲೆ ಅಳತೆಯ ತಿಂಗಳು ಮತ್ತು ವರ್ಷ ಇರಬೇಕು. ಗಾಳಿಯ ಲೀಕೇಜ್ ಒಮ್ಮೆ ಸರಿಮಾಡಿದರೆ ಮುಗಿಯುವ ಕೆಲಸವಲ್ಲ. ಹೋಸ್ ಸವೆಯುತ್ತದೆ, ಕಪ್ಲರ್ ಸಡಿಲವಾಗುತ್ತದೆ, ಯಾರೋ ಹೊಸ ಪಾಯಿಂಟ್ ತೆಗೆದು ಟೇಪ್ ಸುತ್ತಿ ಬಿಟ್ಟಿರುತ್ತಾರೆ. ನಮ್ಮ ಉದಾಹರಣೆಯ ಕಾರ್ಖಾನೆಯಲ್ಲಿ ಹನ್ನೊಂದು ತಿಂಗಳ ನಂತರ ಅದೇ ರಜೆಯ ದಿನದ ಪರೀಕ್ಷೆ ಮಾಡಿದಾಗ 60 ಸೆಕೆಂಡ್ ಲೋಡ್, 240 ಸೆಕೆಂಡ್ ಅನ್‌ಲೋಡ್ ಬಂತು ಅಂದುಕೊಳ್ಳಿ. ಅಂದರೆ 20%. ರಿಪೇರಿ ಆದಾಗಿನ 12% ಉಳಿದಿಲ್ಲ, ಮೊದಲಿನ 30%ಕ್ಕೂ ಹೋಗಿಲ್ಲ.

ಇದನ್ನು ಕೇಸ್ ಸ್ಟಡಿಗೆ ಸೇರಿಸಿ, ದಿನಾಂಕ ಸಮೇತ. ಸೇಲ್ಸ್‌ನವರು ಬೇಡ ಅನ್ನಬಹುದು. ಆದರೆ ಆರು ತಿಂಗಳಿಗೊಮ್ಮೆ ಲೀಕೇಜ್ ಸರ್ವೆ ಯಾಕೆ ಬೇಕು ಅನ್ನುವುದನ್ನು ಈ 20% ಹೇಳಿದಷ್ಟು ಚೆನ್ನಾಗಿ ಬೇರೆ ಯಾವ ವಾಕ್ಯವೂ ಹೇಳುವುದಿಲ್ಲ. ಜೊತೆಗೆ ಅಕೌಂಟ್ಸ್‌ನವರ ಲೆಕ್ಕವೂ ಸರಿಯಾಗುತ್ತದೆ: ಮೊದಲ ತಿಂಗಳ ಉಳಿತಾಯ ಹೀಗೇ ನಡೆಯುತ್ತದೆ ಅಂತ ಹಿಡಿಯದೆ, ವರ್ಷಕ್ಕೆ ಎರಡು ಸರ್ವೆಯ ಖರ್ಚನ್ನೂ ಹಾಕಿಕೊಂಡು, ದುಡ್ಡು ವಾಪಸ್ ಬರುವ ದಿನವನ್ನು ಅವರೇ ಮತ್ತೊಮ್ಮೆ ಎಣಿಸಿಕೊಳ್ಳುತ್ತಾರೆ.